ಆಕ್ಸಲ್‌ಗೆ ಕಚ್ಚಿಕೊಂಡ ಕ್ರ್ಯಾಂಕನ್ನು ಪುಲ್ಲರ್ ಹಾಕಿ ಬಿಡಿಸುವ ಬಗೆ

ಚಿಕ್ಕಮಗಳೂರಿನ ಕಡೆ ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಗೇರ್ ಸೈಕಲ್‌ಗಳ ಪೆಡಲ್ ಬುಡದಲ್ಲಿ ಒಂದು ಸದ್ದು ಶುರುವಾಗುತ್ತದೆ. ಏರಿನಲ್ಲಿ ಒತ್ತಿ ತುಳಿದಾಗ ಕಟಕ್ ಎನ್ನುತ್ತದೆ, ಇಳಿಜಾರಿನಲ್ಲಿ ಸುಮ್ಮನಿರುತ್ತದೆ. ಎರಡೂ ಕ್ರ್ಯಾಂಕ್‌ಗಳನ್ನು, ಅಂದರೆ ಪೆಡಲ್ ಹೊತ್ತ ತೋಳುಗಳನ್ನು, ಹಿಡಿದು ಫ್ರೇಮಿನತ್ತ ಒಮ್ಮೆ, ಹೊರಗೆ ಒಮ್ಮೆ ಅಲುಗಾಡಿಸಿ ನೋಡಿ. ಎರಡೂ ಒಟ್ಟಿಗೆ ಅಲುಗಾಡಿದರೆ, ಅವೆರಡನ್ನೂ ಜೋಡಿಸುವ ಆಕ್ಸಲ್ ತಿರುಗುವ ಜಾಗವಾದ ಬಾಟಮ್ ಬ್ರಾಕೆಟ್‌ನ ಬೇರಿಂಗ್ ಹೋಗಿದೆ. ಒಂದೇ ಅಲುಗಾಡಿದರೆ ಆ ಬದಿಯ ಕ್ರ್ಯಾಂಕ್ ಸಡಿಲವಾಗಿದೆ. ಬೇರಿಂಗ್ ಬದಲಿಸಬೇಕೆಂದರೆ ಕ್ರ್ಯಾಂಕ್ ಎರಡನ್ನೂ ಕಳಚಲೇಬೇಕು. ಕೆಲಸ ನಿಲ್ಲುವುದು ಅಲ್ಲಿಯೇ. ಬೋಲ್ಟ್ ಬಿಚ್ಚಿ ಕೈಗೆ ಬಂದಿರುತ್ತದೆ, ಕ್ರ್ಯಾಂಕ್ ಮಾತ್ರ ಕೂದಲೆಳೆಯಷ್ಟೂ ಕದಲುವುದಿಲ್ಲ.

ಇಲ್ಲಿ ಸುತ್ತಿಗೆಯಿಂದ ಹಿಂದಿನಿಂದ ಬಡಿಯುವವರು ಬಹಳ ಜನ. ಬಡಿದರೆ ಕ್ರ್ಯಾಂಕ್ ಬರುವುದಕ್ಕಿಂತ ಮೊದಲು ಬೇರಿಂಗ್ ಪುಡಿಯಾಗುತ್ತದೆ, ಅಲ್ಯೂಮಿನಿಯಂ ಕ್ರ್ಯಾಂಕಿನ ಬೆನ್ನು ಜಜ್ಜಿಹೋಗುತ್ತದೆ. ಇದಕ್ಕೆಂದೇ ಕ್ರ್ಯಾಂಕ್ ಪುಲ್ಲರ್ ಎಂಬ ಸಲಕರಣೆ ಇದೆ. ಬೆಲೆ ಹೆಚ್ಚಿಲ್ಲ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಆದರೆ ತಪ್ಪಾಗಿ ಹಾಕಿದ ಪುಲ್ಲರ್ ಮಾಡುವ ಹಾನಿ ಸುತ್ತಿಗೆಯದಕ್ಕಿಂತ ಕಡಿಮೆಯೇನೂ ಅಲ್ಲ. ನನ್ನ ಕಣ್ಣಿಗೆ ಬಿದ್ದ ಹಾಳಾದ ಕ್ರ್ಯಾಂಕ್‌ಗಳಲ್ಲಿ ಹೆಚ್ಚಿನವು ಬಲ ಸಾಲದೆ ಹಾಳಾದವಲ್ಲ, ಬಲ ಹಾಕುವ ಮೊದಲು ನೋಡಬೇಕಾದ್ದನ್ನು ನೋಡದೆ ಹಾಳಾದವು.

ಮೊದಲು ನಿಮ್ಮ ಕ್ರ್ಯಾಂಕ್ ಯಾವುದೆಂದು ನೋಡಿಕೊಳ್ಳಿ

ಹಳೆಯ ಕಪ್ಪು ಸೈಕಲ್ಲಿನಲ್ಲಿ, ಹಾಲಿನ ಕ್ಯಾನ್ ಹೊರುವ ಅದೇ ಗಟ್ಟಿ ಸೈಕಲ್ಲಿನಲ್ಲಿ, ಕ್ರ್ಯಾಂಕ್ ನಿಲ್ಲುವುದು ಕಾಟರ್ ಪಿನ್ನಿನಿಂದ. ಕ್ರ್ಯಾಂಕಿನ ಬುಡಕ್ಕೆ ಅಡ್ಡಲಾಗಿ ಒಂದು ಪಿನ್ ಹೊಕ್ಕಿರುತ್ತದೆ, ಅದರ ತುದಿಯಲ್ಲಿ ನಟ್ ಇರುತ್ತದೆ. ಅದಕ್ಕೆ ಈ ಪುಲ್ಲರ್ ಬೇಕಿಲ್ಲ, ಹಾಕಲು ಅಲ್ಲಿ ಜಾಗವೂ ಇಲ್ಲ. ಚಿಕ್ಕ ಮಕ್ಕಳ ಕೆಲವು ಸೈಕಲ್‌ಗಳಲ್ಲಿ ಎರಡೂ ಕ್ರ್ಯಾಂಕ್ ಮತ್ತು ಆಕ್ಸಲ್ ಸೇರಿ ಬಾಗಿಸಿದ ಒಂದೇ ಕಬ್ಬಿಣದ ತುಂಡಾಗಿರುತ್ತದೆ. ಅದನ್ನೂ ಬಿಡಿ. ದುಬಾರಿ ಸೈಕಲ್‌ಗಳಲ್ಲಿ ಎಡ ಕ್ರ್ಯಾಂಕಿನ ಬುಡದಲ್ಲಿ ಪಕ್ಕಪಕ್ಕ ಎರಡು ಸಣ್ಣ ಅಲನ್ ಬೋಲ್ಟ್‌ಗಳು ಕಂಡರೆ, ಅವನ್ನು ಸಡಿಲಿಸಿ ನಡುವಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಸಾಕು, ಕ್ರ್ಯಾಂಕ್ ಕೈಯಲ್ಲೇ ಬರುತ್ತದೆ. ಅಲ್ಲಿಯೂ ಪುಲ್ಲರಿಗೆ ಕೆಲಸವಿಲ್ಲ.

ನಮ್ಮಲ್ಲಿ ಓಡುವ ಮಧ್ಯಮ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಇರುವುದು ಚೌಕ ತುದಿಯ ಆಕ್ಸಲ್. ಉಕ್ಕಿನ ಆಕ್ಸಲ್‌ನ ತುದಿ ಚೌಕಾಕಾರವಾಗಿದ್ದು, ಹೊರಕ್ಕೆ ಬಂದಂತೆ ಸಣ್ಣದಾಗುತ್ತಾ ಹೋಗುತ್ತದೆ. ಪ್ರತಿ ಮುಖದ ಇಳಿಜಾರು 2 ಡಿಗ್ರಿ ಮಾತ್ರ. ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ಅದೇ ಇಳಿಜಾರಿನದು. ಬೋಲ್ಟ್ ಬಿಗಿದಂತೆ ಕ್ರ್ಯಾಂಕ್ ಆ ಇಳಿಜಾರನ್ನು ಏರಿ, ಸೌದೆಯಲ್ಲಿ ಸಿಕ್ಕಿಕೊಂಡ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿಯೇ ಬೋಲ್ಟ್ ತೆಗೆದರೂ ಅದು ಬರುವುದಿಲ್ಲ. ಬೋಲ್ಟಿನ ಕೆಲಸ ಕ್ರ್ಯಾಂಕನ್ನು ಮೇಲೇರಿಸುವುದು. ಹಿಡಿದು ನಿಲ್ಲಿಸುವುದು ಇಳಿಜಾರಿನ ಘರ್ಷಣೆ.

ಇದೇ ಹೊರನೋಟದ ಇನ್ನೊಂದು ಬಗೆಯಿದೆ. ಬೋಲ್ಟ್ ತೆಗೆದು ಟಾರ್ಚ್ ಹಾಕಿ ನೋಡಿದಾಗ ಚೌಕದ ಬದಲು ಹಲ್ಲುಹಲ್ಲಾದ ದುಂಡು ಆಕ್ಸಲ್, ನಡುವೆ ಹೆಬ್ಬೆರಳ ಉಗುರಿನಷ್ಟು ಅಗಲದ ತೂತು ಕಂಡರೆ ಅದು ಆ ಬಗೆ. ಅದಕ್ಕೂ ಪುಲ್ಲರ್ ಬೇಕು, ಆದರೆ ಅಗಲ ತಲೆಯ ಪುಲ್ಲರ್. ಚೌಕದ ಆಕ್ಸಲಿಗೆಂದು ಮಾಡಿದ ಸಣ್ಣ ತಲೆ ಅಲ್ಲಿ ತೂತಿನೊಳಗೇ ಇಳಿದು ಆಕ್ಸಲ್‌ನ ಒಳಥ್ರೆಡ್ ಕೆಡಿಸುತ್ತದೆ. ಅಗಲ ತಲೆಯನ್ನು ಚೌಕದ ಕ್ರ್ಯಾಂಕಿಗೆ ಹಾಕಿದರೆ ಅದು ಆಕ್ಸಲ್ ಮುಟ್ಟುವ ಬದಲು ಕ್ರ್ಯಾಂಕನ್ನೇ ಒತ್ತುತ್ತದೆ. ಎರಡು ತಲೆ ಬದಲಿಸುವ ಪುಲ್ಲರ್ ಸಿಗುತ್ತದೆ. ಊರಿನಲ್ಲಿ ಕೇಳಿದಾಗ ಸಿಗದಿದ್ದರೆ ತರಿಸಿಕೊಳ್ಳುವಾಗ ಅದನ್ನೇ ತರಿಸಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಚೌಕ ತುದಿಯದರ ಬಗ್ಗೆ.

ಪುಲ್ಲರ್ ಒಳಗೆ ಏನಿದೆ

ಪುಲ್ಲರಿನಲ್ಲಿ ಎರಡೇ ಭಾಗ. ಹೊರಗಿನ ಬಾಡಿಯ ಮೇಲೆ 22 ಮಿ.ಮೀ. ವ್ಯಾಸದ, 1 ಮಿ.ಮೀ. ಪಿಚ್‌ನ ಸಣ್ಣ ಥ್ರೆಡ್ ಇರುತ್ತದೆ. ಬೋಲ್ಟ್ ತೆಗೆದ ಮೇಲೆ ಕ್ರ್ಯಾಂಕಿನಲ್ಲಿ ಕಾಣುವ ದುಂಡು ಬಾಯಿಯ ಒಳಗೋಡೆಯಲ್ಲಿ ಅದಕ್ಕೆ ಹೊಂದುವ ಥ್ರೆಡ್ ಇದೆ. ಬಾಡಿಯ ನಡುವೆ ಒಂದು ರಾಡ್ ತಿರುಗುತ್ತದೆ. ರಾಡ್ ಒಳಗೆ ಹೋಗಿ ಆಕ್ಸಲ್‌ನ ತುದಿಯನ್ನು ಒತ್ತುತ್ತದೆ, ಆಕ್ಸಲ್ ಎಲ್ಲಿಗೂ ಹೋಗಲಾರದು, ಆದ್ದರಿಂದ ಬಾಡಿ ಹಿಂದಕ್ಕೆ ಬರುತ್ತದೆ, ತನ್ನೊಂದಿಗೆ ಕ್ರ್ಯಾಂಕನ್ನು ಎಳೆದು ತರುತ್ತದೆ.

ಹಾಗಾದರೆ ಇಡೀ ಎಳೆತವನ್ನು ಹೊರುವುದು ಯಾವುದು? ಕ್ರ್ಯಾಂಕಿನ ಬಾಯಿಯೊಳಗಿನ ಆ ಅಲ್ಯೂಮಿನಿಯಂ ಥ್ರೆಡ್. ಪುಲ್ಲರ್ ಗಟ್ಟಿ ಉಕ್ಕಿನದು, ಆಕ್ಸಲ್ ಉಕ್ಕಿನದು, ಇವೆರಡರ ನಡುವೆ ಮೆತ್ತಗಿನದು ಅದೊಂದೇ. ಪಿಚ್ 1 ಮಿ.ಮೀ. ಆದ್ದರಿಂದ ಬಾಡಿಯನ್ನು ಒಂದು ಸುತ್ತು ತಿರುಗಿಸಿದರೆ ಅದು 1 ಮಿ.ಮೀ. ಒಳಗೆ ಹೋಗುತ್ತದೆ. ಎರಡು ಸುತ್ತು ಹೋದ ಬಾಡಿ ಎರಡು ಎಳೆ ಥ್ರೆಡ್ಡಿನ ಮೇಲೆ ನೇತಾಡುತ್ತದೆ. ಪೂರ್ತಿ ಹೋದ ಬಾಡಿಯ ಭಾರ ಎಲ್ಲ ಎಳೆಗಳಿಗೂ ಹಂಚಿಹೋಗುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಬೋಲ್ಟ್, ವಾಷರ್, ಕೊಳೆ

ಸೈಕಲ್ಲನ್ನು ಗೋಡೆಗೆ ಒರಗಿಸಬೇಡಿ. ಯಾರಾದರೂ ಹಿಡಿದುಕೊಳ್ಳಲಿ, ಇಲ್ಲವೇ ಸ್ಟ್ಯಾಂಡ್ ಹಾಕಿ. ಪೆಡಲ್ ಹಾಗೇ ಇರಲಿ, ಹಿಡಿಯಲು ಬೇಕಾಗುತ್ತದೆ. ಬಲಗಡೆಯ ಕ್ರ್ಯಾಂಕಿನ ಕೆಲಸವಾದರೆ ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಏರಿಸಿಡಿ. ಪಾನ ಜಾರಿ ಮುಷ್ಟಿ ಆ ಚೂಪು ಹಲ್ಲುಗಳ ಮೇಲೆ ಬಿದ್ದರೆ ಚರ್ಮ ಕಿತ್ತುಬರುತ್ತದೆ, ಚೈನ್ ಮೇಲಿದ್ದರೆ ಅಷ್ಟರ ಮಟ್ಟಿಗೆ ಪಾರು.

ಪ್ಲಾಸ್ಟಿಕ್ ಮುಚ್ಚಳವಿದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆಯಿರಿ. ಒಳಗಿನ ಬೋಲ್ಟಿಗೆ 8 ಮಿ.ಮೀ. ಅಲನ್ ಕೀ ಅಥವಾ 14 ಮಿ.ಮೀ. ಬಾಕ್ಸ್ ಸ್ಪ್ಯಾನರ್ ಬೇಕು. ಎಡ ಪೆಡಲ್ ಉಲ್ಟಾ ಥ್ರೆಡ್ ಎಂದು ಕೇಳಿದವರು ಎಡ ಕ್ರ್ಯಾಂಕಿನ ಬೋಲ್ಟೂ ಉಲ್ಟಾ ಎಂದುಕೊಂಡು ಬಿಗಿಯುತ್ತಲೇ ಹೋಗುವುದುಂಟು. ಹಾಗಲ್ಲ, ಈ ಬಗೆಯಲ್ಲಿ ಎರಡೂ ಕಡೆಯ ಬೋಲ್ಟ್ ಮಾಮೂಲಿ ಥ್ರೆಡ್ಡಿನದೇ. ಎರಡನ್ನೂ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿ ಬಿಚ್ಚಬೇಕು. ಬಿಚ್ಚುವಾಗ ಬೋಲ್ಟ್ ಒಂದೆರಡು ಸುತ್ತು ಸಡಿಲವಾಗಿ ಬಂದು ಮತ್ತೆ ಬಿಗಿಯಾಗಿ, ಕ್ರ್ಯಾಂಕ್ ತಾನೇ ಹೊರಬರತೊಡಗಿದರೆ ನಿಮ್ಮದು ಪುಲ್ಲರನ್ನು ಒಳಗೇ ಇಟ್ಟುಕೊಂಡ ಬಗೆ. ಬೋಲ್ಟಿನ ಸುತ್ತಲಿನ ಮುಚ್ಚಳವನ್ನು ಮುಟ್ಟದೆ ತಿರುಗಿಸುತ್ತಾ ಹೋಗಿ, ಕೆಲಸ ಮುಗಿಯಿತು.

ಇನ್ನು ವಾಷರ್. ಪುಲ್ಲರ್ ಹಾಕಿ ಕ್ರ್ಯಾಂಕ್ ಕೆಡಿಸಿಕೊಂಡವರ ಮೊದಲ ಕಾರಣ ಇದು. ಕೆಲವು ಬೋಲ್ಟ್‌ಗಳಲ್ಲಿ ವಾಷರ್ ತಲೆಗೆ ಅಂಟಿಕೊಂಡೇ ಇರುತ್ತದೆ, ಕೆಲವದರಲ್ಲಿ ಬೇರೆ ಇರುತ್ತದೆ. ಬೇರೆ ಇದ್ದದ್ದು ಗ್ರೀಸಿನ ಅಂಟಿಗೆ ಕ್ರ್ಯಾಂಕಿನ ಬಾಯಿಯ ತಳದಲ್ಲೇ ಉಳಿದುಬಿಡುತ್ತದೆ. ಕಪ್ಪು ಕೊಳೆಯಲ್ಲಿ ಕಾಣುವುದೂ ಇಲ್ಲ. ಆಗ ಪುಲ್ಲರಿನ ರಾಡ್ ವಾಷರನ್ನು ಒತ್ತುತ್ತದೆ, ವಾಷರ್ ಕ್ರ್ಯಾಂಕನ್ನು ಒಳಕ್ಕೆ ಒತ್ತುತ್ತದೆ, ಬಾಡಿ ಅದೇ ಕ್ರ್ಯಾಂಕನ್ನು ಹೊರಕ್ಕೆ ಎಳೆಯುತ್ತದೆ. ಕ್ರ್ಯಾಂಕ್ ತನ್ನೊಂದಿಗೇ ಜಗಳವಾಡಿ ಥ್ರೆಡ್ ಕಳೆದುಕೊಳ್ಳುತ್ತದೆ.

ಪತ್ತೆ ಹಚ್ಚುವುದು ಸುಲಭ. ಹಳೆಯ ಟೂತ್‌ಬ್ರಷ್ಷಿಗೆ ಡೀಸೆಲ್ ತಾಗಿಸಿ ಬಾಯಿಯ ಒಳಗೆ ಚೆನ್ನಾಗಿ ಉಜ್ಜಿ, ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ನೇರ ಹಿಡಿದು ನೋಡಿ. ತಳದಲ್ಲಿ ಉಕ್ಕಿನ ಚೌಕ ಕಾಣಬೇಕು, ಅದರ ನಾಲ್ಕು ಅಂಚುಗಳೂ ಅಲ್ಯೂಮಿನಿಯಂನಿಂದ ಬೇರೆಯಾಗಿ ಗೆರೆ ಎಳೆದಂತೆ ತೋರಬೇಕು, ನಡುವೆ 8 ಮಿ.ಮೀ. ತೂತು ಇರಬೇಕು. ಚೌಕ ಕಾಣದೆ ಬರೀ ದುಂಡು ಉಂಗುರವೊಂದು ಹೊಳೆದರೆ ಅದು ವಾಷರ್. ಸೂಜಿಯಿಂದಲೋ ಅಯಸ್ಕಾಂತದಿಂದಲೋ ಎತ್ತಿ ತೆಗೆಯಿರಿ. ಇದನ್ನು ನೋಡದೆ ಪುಲ್ಲರ್ ಕೈಗೆತ್ತಿಕೊಳ್ಳಬೇಡಿ.

ಉಜ್ಜುವುದು ಥ್ರೆಡ್ಡಿನ ಸಲುವಾಗಿಯೂ ಹೌದು. ಮಳೆಗಾಲದ ಕೆಸರು ಒಣಗಿ ಎಳೆಗಳ ನಡುವೆ ಮಣ್ಣು ಕೂತಿರುತ್ತದೆ. ಮಣ್ಣಿನ ಮೇಲೆ ಹತ್ತಿದ ಬಾಡಿ ಪೂರ್ತಿ ಒಳಗೆ ಹೋಗುವುದಿಲ್ಲ, ಹೋದಷ್ಟಕ್ಕೇ ಬಿಗಿಯಾದಂತೆ ಕೈಗೆ ಮೋಸ ಮಾಡುತ್ತದೆ. ಎಳೆಗಳು ಬೆಳ್ಳಗೆ ಸಾಲಾಗಿ ಕಾಣುವವರೆಗೂ ಉಜ್ಜಿ, ಒಂದು ಹನಿ ಎಣ್ಣೆ ಹಾಕಿ.

ಬಾಡಿ ಕೂರಿಸುವುದು

ಪುಲ್ಲರಿನ ರಾಡನ್ನು ಮೊದಲು ಪೂರ್ತಿ ಹಿಂದಕ್ಕೆ ತಿರುಗಿಸಿಕೊಳ್ಳಿ. ರಾಡಿನ ತುದಿ ಮುಂದೆ ಚಾಚಿಕೊಂಡಿದ್ದರೆ ಅದು ಆಕ್ಸಲಿಗೆ ತಾಗಿ ಬಾಡಿಯನ್ನು ಅರ್ಧದಲ್ಲೇ ನಿಲ್ಲಿಸುತ್ತದೆ, ನೀವು ಬಾಡಿ ಪೂರ್ತಿ ಕೂತಿತು ಎಂದುಕೊಳ್ಳುತ್ತೀರಿ. ಕ್ರ್ಯಾಂಕ್ ಹಾಳಾಗುವ ಎರಡನೇ ಕಾರಣ ಇದು.

ಬಾಡಿಯನ್ನು ಬೆರಳಿನಲ್ಲೇ ಹತ್ತಿಸಿ. ಮೊದಲು ಬಾಯಿಗೆ ಇಟ್ಟು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಎಳೆ ಎಳೆಗೆ ಕೂತಾಗ ಟಿಕ್ ಎಂದು ಸಣ್ಣಗೆ ಕೆಳಕ್ಕೆ ಬಿದ್ದಂತೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ, ಸುತ್ತು ಎಣಿಸಿ. ಕನಿಷ್ಠ ಐದಾರು ಸುತ್ತು ಬೆರಳಿನಲ್ಲೇ ಹೋಗಬೇಕು. ಒಂದೆರಡು ಸುತ್ತಿಗೇ ಗಟ್ಟಿಯಾದರೆ ಬಾಡಿ ಓರೆಯಾಗಿ ಹತ್ತಿದೆ, ಇಲ್ಲವೇ ಒಳಗೆ ಇನ್ನೂ ಮಣ್ಣಿದೆ. ಪಾನ ಹಾಕಿ ಬಲವಂತ ಮಾಡದೆ ಬಿಚ್ಚಿ, ಮತ್ತೆ ಉಜ್ಜಿ, ಮತ್ತೆ ಹತ್ತಿಸಿ. ಎದುರಿನಿಂದಲೂ ಮೇಲಿನಿಂದಲೂ ನೋಡಿದಾಗ ಪುಲ್ಲರ್ ಕ್ರ್ಯಾಂಕಿಗೆ ನೇರವಾಗಿ ನಿಂತಿರಬೇಕು. ಬೆರಳಿನಲ್ಲಿ ನಿಂತ ಮೇಲೆ ಪಾನದಿಂದ ಮೆಲ್ಲಗೆ ಬಿಗಿ ಮಾಡಿ, ತಳ ಮುಟ್ಟಿದ್ದು ತಿಳಿಯುವಷ್ಟು ಸಾಕು.

ಈಗ ಒಂದು ಸಣ್ಣ ಕೆಲಸ ಮಾಡಿಕೊಳ್ಳಿ, ಹೆಚ್ಚಿನವರು ಮಾಡುವುದಿಲ್ಲ. ಸ್ಕೇಲ್ ಹಿಡಿದು ಕ್ರ್ಯಾಂಕಿನ ಮುಖದಿಂದ ಪುಲ್ಲರ್ ಬಾಡಿಯ ಹೊರ ಅಂಚಿಗೆ ಎಷ್ಟು ಮಿಲಿಮೀಟರ್ ಇದೆಯೆಂದು ಅಳೆದಿಡಿ. ಹಾಗೆಯೇ ಕ್ರ್ಯಾಂಕಿನ ಬೆನ್ನಿಗೂ ಫ್ರೇಮಿಗೂ ನಡುವಿನ ಅಂತರವನ್ನೂ ಅಳೆದುಕೊಳ್ಳಿ. ಕೆಲಸ ಕೈಕೊಟ್ಟಾಗ ಈ ಎರಡು ಅಂಕಿಗಳೇ ನಿಜ ಹೇಳುತ್ತವೆ.

ರಾಡನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸುತ್ತಾ ಬಂದರೆ ಆಕ್ಸಲಿಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಪಾನ. ಪಾನದ ಹಿಡಿ ಕ್ರ್ಯಾಂಕಿಗೆ ಹತ್ತಿರ ಬರುವಂತೆ, ಎರಡರ ನಡುವೆ ಸಣ್ಣ ಕೋನ ಇರುವಂತೆ ಹಾಕಿಕೊಂಡರೆ ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಅದುಮಬಹುದು. ಸೈಕಲ್ ಅಲುಗಾಡುವುದಿಲ್ಲ, ಪಾನ ಜಾರುವುದಿಲ್ಲ, ಎಷ್ಟು ಬಲ ಬೀಳುತ್ತಿದೆ ಎಂಬುದು ಅಂಗೈಗೇ ಗೊತ್ತಾಗುತ್ತದೆ. ಸಾಮಾನ್ಯವಾದ ಕ್ರ್ಯಾಂಕ್ ಇಷ್ಟಕ್ಕೇ ಟಕ್ ಎಂದು ಬಿಟ್ಟುಕೊಂಡು, ಮುಂದಿನ ಸುತ್ತುಗಳಲ್ಲಿ ಹಗುರಾಗಿ ಹೊರಬರುತ್ತದೆ.

ಬಾರದಿದ್ದಾಗ

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಿಂದ ಕಾಲೇಜು ಹುಡುಗನೊಬ್ಬ ತಂದ ಸೈಕಲ್ ಹಾಗೆ ಬರಲಿಲ್ಲ. ಕೊಂಡಂದಿನಿಂದ ಕ್ರ್ಯಾಂಕ್ ಬಿಚ್ಚಿದ್ದೇ ಇಲ್ಲ, ಮಳೆಗಾಲವೆಲ್ಲ ತೋಟದ ಮನೆಯ ಜಗಲಿಯ ಇರಿಚಲಿನಲ್ಲೇ ನಿಂತಿತ್ತು. ಬಲಗಡೆಯದು ಪುಲ್ಲರಿಗೆ ತಕ್ಷಣ ಬಂತು. ಎಡಗಡೆಯದು ಬರಲಿಲ್ಲ. ಬಾಡಿ ಏಳು ಸುತ್ತು ನೆಟ್ಟಗೆ ಹೋಗಿತ್ತು, ವಾಷರ್ ಇರಲಿಲ್ಲ, ರಾಡ್ ಆಕ್ಸಲಿಗೆ ತಾಗಿ ನಿಂತಿತ್ತು. ಮುಷ್ಟಿಯ ಪೂರ್ತಿ ಬಲ ಬಿದ್ದರೂ ಪಾನ ಮುಂದಕ್ಕೆ ಹೋಗಲಿಲ್ಲ.

"ಅಣ್ಣ, ಪಾನಕ್ಕೆ ಪೈಪ್ ಸಿಕ್ಕಿಸಿ ಇನ್ನೊಂದು ಅರ್ಧ ಸುತ್ತು ತಿರುಗಿಸಲೇ?" ಎಂದ.

"ಪೈಪ್ ಹಾಕಿದರೆ ಸುತ್ತು ತಿರುಗುತ್ತದೆ. ತಿರುಗಿದ್ದು ಯಾವುದರಿಂದ ಎಂದು ಆಮೇಲೆ ನೋಡಬೇಕಾಗುತ್ತದೆ" ಎಂದೆ.

ಪಾನಕ್ಕೆ ಪೈಪ್ ಸಿಕ್ಕಿಸುವುದು ನಮ್ಮ ಗ್ಯಾರೇಜುಗಳ ನಿತ್ಯದ ಪದ್ಧತಿ. ಲಾರಿ ಚಕ್ರದ ನಟ್ಟಿಗೆ ಅದು ಸರಿ, ಇಲ್ಲಿ ಬೇಡ. ಉದ್ದದ ಹಿಡಿಯಲ್ಲಿ ಕೈಗೆ ಏನೂ ಗೊತ್ತಾಗುವುದಿಲ್ಲ. ಥ್ರೆಡ್ ಕಿತ್ತುಬರುವಾಗ ಟಕ್ ಎಂಬ ಸದ್ದಿರುವುದಿಲ್ಲ. ಬಿಗಿ ಹಿಡಿತ ಮೆಲ್ಲಗೆ ಮೆತ್ತಗಾಗುತ್ತದೆ, ರಾಡ್ ಸಲೀಸಾಗಿ ತಿರುಗತೊಡಗುತ್ತದೆ, ಕ್ರ್ಯಾಂಕ್ ಬರುತ್ತಿದೆಯೆಂದು ಸಂತೋಷವಾಗುತ್ತದೆ. ಆಗಲೇ ನಿಲ್ಲಿಸಿ ಅಳೆಯಬೇಕು. ಕ್ರ್ಯಾಂಕಿನ ಬೆನ್ನಿಗೂ ಫ್ರೇಮಿಗೂ ಇರುವ ಅಂತರ ಹೆಚ್ಚಾಗಿದ್ದರೆ ಕ್ರ್ಯಾಂಕ್ ನಿಜವಾಗಿ ಬರುತ್ತಿದೆ. ಆ ಅಂತರ ಹಾಗೇ ಇದ್ದು ಬಾಡಿಯ ಅಂಚು ಮುಂಚಿಗಿಂತ ಹೊರಗೆ ಬಂದಿದ್ದರೆ ಥ್ರೆಡ್ ಸೋಲುತ್ತಿದೆ. ಎಳೆಗಳ ನಡುವೆ ಅಲ್ಯೂಮಿನಿಯಂ ಚೂರು ಮಿನುಗಿದರೆ, ಬಾಡಿ ಒಂದು ಬದಿಗೆ ವಾಲಿದರೆ ಅದೂ ಅದೇ ಲಕ್ಷಣ. ಆ ಹಂತದಲ್ಲಿ ನಿಲ್ಲಿಸಿದ ಕ್ರ್ಯಾಂಕಿನಲ್ಲಿ ಇನ್ನೂ ಕೆಲವು ಎಳೆ ಉಳಿದಿರುತ್ತವೆ, ಇನ್ನೊಂದು ದಾರಿಗೆ ಅವಕಾಶವಿರುತ್ತದೆ.

ಹುಡುಗನ ಸೈಕಲ್ಲಿನಲ್ಲಿ ಎರಡು ಅಂಕಿಯೂ ಬದಲಾಗಿರಲಿಲ್ಲ. ಅಂದರೆ ಥ್ರೆಡ್ ಗಟ್ಟಿಯಾಗಿದೆ, ಕ್ರ್ಯಾಂಕ್ ಆಕ್ಸಲಿಗೆ ಅಂಟಿದೆ. ಈ ಅಂಟು ಬರೀ ಬಿಗಿಯಿಂದ ಬಂದದ್ದಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿರುವಾಗ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸಂದಿನಲ್ಲಿ ಉಬ್ಬಿ, ಎರಡನ್ನೂ ಇನ್ನಷ್ಟು ಬಿಗಿಯುತ್ತದೆ. ಅದನ್ನು ಮೊದಲು ಒಡೆಯಬೇಕು, ಎಳೆಯುವುದು ಆಮೇಲೆ.

ಪುಲ್ಲರ್ ಬಿಚ್ಚಿ, ತುಕ್ಕು ಬಿಡಿಸುವ ಸ್ಪ್ರೇಯನ್ನು ಎರಡು ಕಡೆಯಿಂದ ಹಾಕಿದೆವು. ಒಂದು, ಮುಂದಿನ ಬಾಯಿಯಲ್ಲಿ ಚೌಕದ ಅಂಚಿಗೆ. ಇನ್ನೊಂದು, ಹಿಂದಿನಿಂದ, ಕ್ರ್ಯಾಂಕ್ ಆಕ್ಸಲನ್ನು ಕಚ್ಚಿದ ಜಾಗಕ್ಕೆ. ಹಿಂದಿನದೇ ಮುಖ್ಯ, ನೀರು ಹೊಕ್ಕಿದ ದಾರಿಯೂ ಅದೇ. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿದರೆ ಎಣ್ಣೆ ತಾನಾಗಿ ಇಳಿಯುತ್ತದೆ: ಮೊದಲು ಎಡ ಮುಖ ಮೇಲಾಗಿ, ಸ್ವಲ್ಪ ಹೊತ್ತಿನ ಮೇಲೆ ಕೆಳಗಾಗಿ. ಒಂದು ರಾತ್ರಿ ಹಾಗೇ ಬಿಟ್ಟೆವು. ಹತ್ತು ನಿಮಿಷಕ್ಕೇ ಫಲ ಬೇಕು ಎನ್ನುವವರು ಸ್ಪ್ರೇ ಹಾಕಿಯೂ ಪ್ರಯೋಜನವಿಲ್ಲ.

ಬೆಳಿಗ್ಗೆ ಬಾಯಿಯ ಎಣ್ಣೆ ಒರೆಸಿ ಪುಲ್ಲರನ್ನು ಮತ್ತೆ ಅದೇ ಏಳು ಸುತ್ತಿಗೆ ಕೂರಿಸಿ, ರಾಡನ್ನು ಮುಷ್ಟಿಯ ಬಲದಲ್ಲಿ ಬಿಗಿದು ಹಾಗೇ ಬಿಟ್ಟೆವು. ಬಿಗಿ ಇರುವಾಗಲೇ ಮರದ ಕೊಡತಿಯಿಂದ ಕ್ರ್ಯಾಂಕಿನ ಬುಡಕ್ಕೆ, ಮೇಲೆ ಒಮ್ಮೆ ಕೆಳಗೆ ಒಮ್ಮೆ, ಪಕ್ಕದಿಂದ ಮೆಲ್ಲಗೆ ತಟ್ಟಬೇಕು. ಪುಲ್ಲರಿನ ತುದಿಗೆ ಹೊಡೆಯಬಾರದು, ಆ ಏಟು ನೇರ ಬೇರಿಂಗಿಗೆ ಹೋಗುತ್ತದೆ. ಎದುರು ಬದಿಯ ಬೇರಿಂಗ್ ಉಳಿಸಿಕೊಳ್ಳುವ ಯೋಚನೆ ಇದ್ದರಂತೂ ಬೇಡವೇ ಬೇಡ. ತಟ್ಟಿ, ಪಾನವನ್ನು ಒಂದಿಷ್ಟು ಅದುಮಿ, ಮತ್ತೆ ತಟ್ಟಿದೆವು. ಬರಲಿಲ್ಲ.

ಆಮೇಲೆ ಬಿಸಿನೀರು. ಇದು ನನಗೆ ಅತಿ ಇಷ್ಟವಾದ ಉಪಾಯ, ಏಕೆಂದರೆ ಏನೂ ಕೆಡುವುದಿಲ್ಲ, ಒಲೆ ಇರುವ ಮನೆಯಲ್ಲೆಲ್ಲ ಸಾಧ್ಯ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆಕ್ಸಲ್‌ನ ಚೌಕ ಹೆಚ್ಚೂಕಡಿಮೆ 13 ಮಿ.ಮೀ. ದಪ್ಪ. ಕುದಿಯುವ ನೀರು ಸುರಿದಾಗ ಕ್ರ್ಯಾಂಕಿನ ತೂತು ಆಕ್ಸಲ್‌ಗಿಂತ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಹೆಚ್ಚು ಅಗಲವಾಗುತ್ತದೆ. ಇಷ್ಟರಿಂದ ಏನಾದೀತು ಎನಿಸಬಹುದು. ಆದರೆ ಇಳಿಜಾರು ಬಹಳ ಕಡಿಮೆ. ಅಗಲದಲ್ಲಿ ಆದ ಆ ಬದಲಾವಣೆ ಆಕ್ಸಲ್‌ನ ಉದ್ದಕ್ಕೆ ಸುಮಾರು ಹದಿನಾಲ್ಕು ಪಟ್ಟಾಗುತ್ತದೆ. ಬಿಳಿ ಪುಡಿಯ ಅಂಟು ಬಿರುಕು ಬಿಡಲು ಮಿಲಿಮೀಟರಿನ ಏಳನೇ ಒಂದು ಪಾಲು ಸಾಕೇ ಸಾಕು.

ಪುಲ್ಲರ್ ಬಿಗಿಯಾಗಿರುವಾಗಲೇ ಬಾಟಮ್ ಬ್ರಾಕೆಟ್ ಕಡೆಗೆ ಒಂದು ಬಟ್ಟೆ ಸುತ್ತಿ, ಕೆಟಲಿನಿಂದ ಕುದಿಯುವ ನೀರನ್ನು ಕ್ರ್ಯಾಂಕಿನ ಬುಡದ ಮೇಲೆ ಸಣ್ಣ ಧಾರೆಯಾಗಿ ಸುರಿದೆವು, ಒಂದು ನಿಮಿಷದಷ್ಟು ಹೊತ್ತು, ಸುತ್ತಲೂ. ಆಕ್ಸಲ್ ಬಿಸಿಯಾಗುವ ಮೊದಲು ಕ್ರ್ಯಾಂಕ್ ಬಿಸಿಯಾಗಬೇಕು, ಅದಕ್ಕೇ ಬಾಯಿಯೊಳಗೆ ಸುರಿಯದೆ ಹೊರಮೈ ಮೇಲೆ ಸುರಿಯುವುದು. ಕೈಗೆ ದಪ್ಪ ಬಟ್ಟೆ ಕಟ್ಟಿಕೊಂಡು ಪಾನ ಅದುಮಿದಾಗ ಪಾನ ಎಂಟನೇ ಒಂದು ಸುತ್ತೂ ಹೋಗಿರಲಿಲ್ಲ, ಟಕ್ ಎಂದಿತು. ಸದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಹುಡುಗ ಏನೋ ಮುರಿಯಿತೆಂದು ಬೆಚ್ಚಿದ. ಬೆನ್ನಿನ ಅಂತರ ಅಳೆದರೆ ಒಂದು ಮಿಲಿಮೀಟರಿಗೂ ಮೇಲೆ ಹೆಚ್ಚಾಗಿತ್ತು. ಉಳಿದದ್ದನ್ನು ಹುಡುಗನೇ ತಿರುಗಿಸಿದ. ಹೊರಬಂದ ಕ್ರ್ಯಾಂಕಿನ ಚೌಕದೊಳಗೆ ಕೆಳಮುಖದಲ್ಲಿ ಮಾತ್ರ ಸುಣ್ಣ ಬಳಿದಂತೆ ಬಿಳಿ ಪದರ ಕೂತಿತ್ತು. ಉಳಿದ ಮೂರು ಮುಖ ಸ್ವಚ್ಛ.

ಮತ್ತೂ ಬಾರದಿದ್ದರೆ ಇದೇ ಕ್ರಮವನ್ನು, ಎಣ್ಣೆ, ಬಿಗಿ, ತಟ್ಟುವುದು, ಬಿಸಿನೀರು, ಇನ್ನೊಮ್ಮೆ ಮಾಡಿ. ಗ್ಯಾಸ್ ಟಾರ್ಚ್ ಹಿಡಿಯಬೇಡಿ. ಅದರ ಉರಿ ಅಲ್ಯೂಮಿನಿಯಂನ ಬಲವನ್ನೇ ತಗ್ಗಿಸುತ್ತದೆ, ಬೇರಿಂಗಿನ ಸೀಲ್ ಕರಗಿಸುತ್ತದೆ, ಹಾಕಿದ ಎಣ್ಣೆಗೆ ಬೆಂಕಿ ಹತ್ತುವುದೂ ಉಂಟು.

ಥ್ರೆಡ್ ಹೋಗಿಯೇಬಿಟ್ಟಿದ್ದರೆ

ಯಾರೋ ಮೊದಲೇ ಕೆಡಿಸಿಟ್ಟ ಕ್ರ್ಯಾಂಕ್ ನಿಮ್ಮ ಕೈಗೆ ಬರಬಹುದು. ಬಾಡಿ ಒಂದೆರಡು ಎಳೆಯೂ ಹಿಡಿಯದಿದ್ದರೆ ಈ ಪುಲ್ಲರ್ ಪಕ್ಕಕ್ಕಿಡಿ. ಬೈಕ್ ಅಥವಾ ಜೀಪ್ ಗ್ಯಾರೇಜಿನಲ್ಲಿ ಎರಡು ಕೊಕ್ಕೆಯ ಬೇರಿಂಗ್ ಪುಲ್ಲರ್ ಇರುತ್ತದೆ. ಅದರ ಕೊಕ್ಕೆಗಳನ್ನು ಕ್ರ್ಯಾಂಕಿನ ಬೆನ್ನಿಗೆ ಸಿಕ್ಕಿಸಿ, ನಡುವಿನ ರಾಡನ್ನು ಆಕ್ಸಲಿಗೆ ಕೂರಿಸಿದರೆ ಥ್ರೆಡ್ಡಿನ ಹಂಗಿಲ್ಲದೆ ಎಳೆಯಬಹುದು. ರಾಡಿನ ತುದಿ ಕ್ರ್ಯಾಂಕಿನ ಚೌಕ ತೂತಿಗಿಂತ ದಪ್ಪವಿದ್ದರೆ ನಡುವೆ ಒಂದು ಸಣ್ಣ ಬೋಲ್ಟಿನ ತುಂಡು ಇಟ್ಟುಕೊಳ್ಳಬೇಕು. ಎಡಗಡೆ ಇದು ಸುಲಭ. ಬಲಗಡೆ ಹಲ್ಲುಚಕ್ರ ಅಡ್ಡ ಬರುವುದರಿಂದ ಕೊಕ್ಕೆ ಹಿಡಿಯಲು ಜಾಗ ಹುಡುಕಬೇಕಾಗುತ್ತದೆ.

ಬೋಲ್ಟ್ ಬಿಚ್ಚಿ ಸೈಕಲ್ ತುಳಿಯುತ್ತಾ ಹೋದರೆ ಕ್ರ್ಯಾಂಕ್ ತಾನೇ ಸಡಿಲವಾಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ಬರುವುದು ನಿಜ. ಬರುವಾಗ ಚೌಕದ ಮೂಲೆಗಳು ಉರುಟಾಗಿರುತ್ತವೆ, ಆ ಕ್ರ್ಯಾಂಕ್ ಮತ್ತೆ ಯಾವ ಆಕ್ಸಲ್ ಮೇಲೂ ಬಿಗಿಯಾಗಿ ಕೂರುವುದಿಲ್ಲ. ಹೇಗೂ ಎಸೆಯುವ ಕ್ರ್ಯಾಂಕ್ ಆದರೆ, ಮನೆಯಂಗಳದಲ್ಲಿ, ನಿಧಾನಕ್ಕೆ ಮಾತ್ರ ಮಾಡಬಹುದು. ಕೈಮರದಿಂದ ಇಳಿಯುವ ರಸ್ತೆಯಲ್ಲಿ ಈ ಪ್ರಯೋಗ ಮಾಡಬೇಡಿ.

ಮತ್ತೆ ಹಾಕುವಾಗ

ಪುಲ್ಲರ್ ಬಿಡಿಸುವಾಗ ರಾಡನ್ನು ಮೊದಲು ಹಿಂದಕ್ಕೆ ತಿರುಗಿಸಿ ಸಡಿಲ ಮಾಡಿಕೊಂಡು, ಆಮೇಲೆ ಬಾಡಿ ಬಿಚ್ಚಿ. ಕ್ರ್ಯಾಂಕಿನ ಚೌಕವನ್ನೂ ಆಕ್ಸಲ್ ತುದಿಯನ್ನೂ ಬಿಳಿ ಪುಡಿ ಪೂರ್ತಿ ಹೋಗುವಂತೆ ಬಟ್ಟೆಯಿಂದ ಉಜ್ಜಿ. ಮರಳು ಕಾಗದ ಮುಟ್ಟಬೇಡಿ, ಅಲ್ಯೂಮಿನಿಯಂ ಮುಖ ತೆಳುವಾದಷ್ಟೂ ಕ್ರ್ಯಾಂಕ್ ಒಳಕ್ಕೆ ಹೋಗುತ್ತದೆ. ಚೌಕದ ಮೂಲೆಯಲ್ಲಿ ಕೂದಲಿನಂಥ ಬಿರುಕು ಕಂಡರೆ ಆ ಕ್ರ್ಯಾಂಕನ್ನು ಮತ್ತೆ ಹಾಕಬಾರದು.

ಆಕ್ಸಲ್ ತುದಿಗೆ ಗ್ರೀಸ್ ಹಚ್ಚಬೇಕೇ ಬೇಡವೇ ಎಂಬುದು ಮೆಕ್ಯಾನಿಕ್‌ಗಳ ನಡುವಿನ ಹಳೆಯ ವಾದ. ಗ್ರೀಸ್ ಇದ್ದರೆ ಕ್ರ್ಯಾಂಕ್ ಅಳತೆ ಮೀರಿ ಮೇಲೇರಿ ಸೀಳೀತು ಎಂಬುದು ಒಂದು ಪಕ್ಷ, ಒಣಗಿದ್ದರೆ ಅಂಟುತ್ತದೆ ಎಂಬುದು ಇನ್ನೊಂದು. ಜಿಟಿಜಿಟಿ ಮಳೆ ತಿಂಗಳುಗಟ್ಟಲೆ ಹಿಡಿಯುವ ನಮ್ಮ ಕಡೆ ನಾನು ಎರಡನೆಯ ಪಕ್ಷ. ಬೆರಳಿನಲ್ಲಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸುತ್ತೇನೆ. ಬಿಗಿ ಮಾತ್ರ ಅಳತೆಯಲ್ಲಿರಬೇಕು. 40 ನ್ಯೂಟನ್ ಮೀಟರ್ ಸರಿಯಾದ ಸುಮಾರು. ಟಾರ್ಕ್ ಪಾನ ಇಲ್ಲದವರು 25 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 16 ಕೆ.ಜಿ. ತೂಕದಷ್ಟು ಒತ್ತಿದರೆ ಆ ಲೆಕ್ಕಕ್ಕೆ ಬರುತ್ತದೆ. ಅಂದರೆ ದೊಡ್ಡ ಬಕೆಟ್ಟಿನ ತುಂಬ ನೀರೆತ್ತುವಷ್ಟು ಬಲ, ಮೈಭಾರ ಹಾಕಿ ತುಳಿಯುವಷ್ಟಲ್ಲ. ಬೋಲ್ಟಿನ ಥ್ರೆಡ್ಡಿಗೂ ವಾಷರಿಗೂ ಎಣ್ಣೆ ಹಾಕಿ ಬಿಗಿಯಿರಿ.

ಹೊಸದಾಗಿ ಕೂರಿಸಿದ ಕ್ರ್ಯಾಂಕನ್ನು ಒಂದೆರಡು ಸವಾರಿಯ ನಂತರ ಅದೇ ಬಲದಲ್ಲಿ ಒಮ್ಮೆ ಪರೀಕ್ಷಿಸಿ. ಅದಾದ ಮೇಲೆ ಪ್ರತಿ ವಾರ ಒಂದಿಷ್ಟು, ಒಂದಿಷ್ಟು ಎಂದು ಬಿಗಿಯುತ್ತಾ ಹೋಗಬೇಡಿ. ಪ್ರತಿ ಸಲವೂ ಕ್ರ್ಯಾಂಕ್ ಇನ್ನಷ್ಟು ಮೇಲೇರುತ್ತದೆ. ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ, ಸಿಗದಿದ್ದರೆ ಬಾಯಿಯೊಳಗಿನ ಥ್ರೆಡ್ಡಿಗೆ ಗ್ರೀಸ್ ತುಂಬಿ ಬಿಡಿ. ಮುಂದಿನ ಸಲ ಪುಲ್ಲರ್ ಹಾಕುವವರಿಗೆ ಟೂತ್‌ಬ್ರಷ್ಷಿನ ಕೆಲಸ ಅಷ್ಟು ಕಡಿಮೆಯಾಗುತ್ತದೆ.